ಮಹಾವೀರಾಚಾರ್ಯನ ಬಾಳೆಯ ಹಣ್ಣಿನ ಲೆಕ್ಕ

ದಾರಿ ನಡೆದು ದಣಿದ 23 ಮಂದಿ ಪಥಿಕರು ಹಣ್ಣಿನ ಮರಗಳಿಂದ ತುಂಬಿದ ವನವೊಂದರ ಅಂಚಿಗೆ ಬಂದು ಸೇರಿದರು. ಅಲ್ಲಿ ಬಾಳೆಯ ಹಣ್ಣಿನ 63 ಗುಡ್ಡೆಗಳಿದ್ದುವು. ಒಂದೊಂದು ಗುಡ್ಡೆಯಲ್ಲಿಯೂ ಇದ್ದ ಹಣ್ಣುಗಳ ಸಂಖ್ಯೆ ಸಮ. ಗುಡ್ಡೆಗಳಿಗೆ ಸೇರದೆ ಬಿಡಿಯಾಗಿ ಇನ್ನೂ 7 ಹಣ್ಣುಗಳಿದ್ದುವು. ಎಲ್ಲವನ್ನೂ ಕೂಡಿಸಿ 23 ಮಂದಿಗೆ ಹಂಚಲಾಗಿ, ಒಂದೂ ಉಳಿಯದೆ ಎಲ್ಲರಿಗೂ ಸಮಪಾಲು ದೊರೆಯಿತು. ಹಾಗಾದರೆ ಗುಡ್ಡೆಯೊಂದರಲ್ಲಿದ್ದ ಹಣ್ಣುಗಳೆಷ್ಟು?

ಈ ಲೆಕ್ಕವು ನಮ್ಮ ನಾಡಿನದು. ಇದನ್ನು ಹೇಳಿದವನು ಜೈನ ಗಣಿತಜ್ಞನಾದ ಮಹಾವೀರಾಚಾರ್ಯ. ಮಾನ್ಯಖೇಟವನ್ನು, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಆತನು ತನ್ನ ಗ್ರಂಥದ ಮೊದಲಲ್ಲಿಯೇ ಸ್ತುತಿಸಿದ್ದಾನೆ. ಸುಮಾರು ಕ್ರಿ. ಶ. 850ರಲ್ಲಿ ಸಂಸ್ಕೃತದಲ್ಲಿ ರಚಿತವಾದ ಆ ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಎಂ. ರಂಗಾಚಾರ್ಯರು ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಮೇಲಿನ ಲೆಕ್ಕವು ಅದರ ಮಿಶ್ರಕ ವ್ಯವಹಾರವೆಂಬ ಅಧ್ಯಾಯದಲ್ಲಿ ಬರುವುದು.

ಗುಡ್ಡೆಯೊಂದರಲ್ಲಿ x ಹಣ್ಣುಗಳೆಂದೂ, ಪಥಿಕನೊಬ್ಬನಿಗೆ ದೊರೆತ ಪಾಲು y ಎಂದೂ ಇಟ್ಟುಕೊಂಡರೆ, ಹೇಳಿದುದೆಲ್ಲವೂ ಒಂದೇ ಸಾಲಿನಲ್ಲಿ ಅಡಗುವುದು:

63x + 7 = 23y

ಸಮೀಕರಣ ಒಂದೇ, ಆದರೆ ಅದರಲ್ಲಿರುವ ಅವ್ಯಕ್ತಗಳು ಎರಡು. x ಮತ್ತು y ಭಿನ್ನರಾಶಿಗಳಾಗಬಹುದೆಂದಾದರೆ ಇಲ್ಲಿ ಲೆಕ್ಕವೇ ಇಲ್ಲ. X ಎಂಬುದಕ್ಕೆ ಯಾವ ಬೆಲೆಯನ್ನು ಕೊಟ್ಟರೂ y ಒಂದು ದೊರೆಯುವುದು. ಎರಡೂ ಪೂರ್ಣಾಂಕಗಳಾಗಿರಬೇಕೆಂಬ ಕಟ್ಟಿನಿಂದಲೇ ಇದು ಲೆಕ್ಕವಾಗಿದೆ.

ಬೆಂಗಳೂರಿನ ರಾಜಾಜಿನಗರದಲ್ಲಿ ನಾನು ಪಾಠ ಹೇಳುವ ತರಗತಿಯಲ್ಲಿ, ಭೌತಶಾಸ್ತ್ರದ ನಡುವೆ ಬಿಡುವು ದೊರೆತ ಒಂದು ದಿನ, ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದೆನು. ಎರಡು ನಿಮಿಷ ಕಳೆಯುವುದರೊಳಗಾಗಿ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು "ಐದು, ಸಾರ್" ಎಂದನು. ಹೇಗೆಂದು ಕೇಳಲು, 1, 2, 3, 4 ಎಂದು ಒಂದೊಂದಾಗಿ ಹಾಕಿ ನೋಡಿದೆನೆಂದೂ, ಐದನೆಯ ಸಲಕ್ಕೆ 315 + 7 = 322 ಬಂದು, ಅದು 23ರ 14 ಮಡಿಯಾಯಿತೆಂದೂ ಹೇಳಿದನು. ಬಳಿಕ, "ಐದು ಸಲ ನೋಡಿದರೆ ಸಿಕ್ಕುವ ಉತ್ತರಕ್ಕೆ ಒಂದು ವಿಧಾನವೇತಕ್ಕೆ, ಸಾರ್?" ಎಂದು ಕೇಳಿದನು.

ಪ್ರಶ್ನೆಯು ನ್ಯಾಯವಾದುದು. 5 ಎಂಬ ಉತ್ತರವೂ ಸರಿಯಾದುದೇ. ಒಬ್ಬೊಬ್ಬ ಪಥಿಕನಿಗೆ 14 ಹಣ್ಣು ಬಂದಿತು. ದಣಿದು ಬಂದವರಿಗೆ ಹೆಚ್ಚೇನಲ್ಲ. ಆದರೆ ಆ ಪ್ರಶ್ನೆಗೆ ಒಡನೆಯೇ ಮರುನುಡಿ ಹೇಳುವುದಕ್ಕಿಂತ ಮೊದಲು ವಿಧಾನವನ್ನು ತಿಳಿದುಕೊಳ್ಳುವುದು ಮೇಲು. ಅದರ ಬೇರು ಇರುವುದು ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು ಕಂಡುಹಿಡಿಯುವ ಕ್ರಮದಲ್ಲಿ.

ಶಾಲೆಯಲ್ಲಿ ಮ.ಸಾ.ಅ.ವನ್ನು ಅಪವರ್ತನಗಳಾಗಿ ಒಡೆದು ಕಂಡುಹಿಡಿಯುವ ಅಭ್ಯಾಸ ಹೆಚ್ಚು. ಸಂಖ್ಯೆಗಳು ದೊಡ್ಡವಾದಂತೆ ಒಡೆಯುವುದೇ ಕಷ್ಟವಾಗುವುದು. ಒಡೆಯದೆಯೇ ನಡೆಯುವ ದಾರಿಯೊಂದು ಕ್ರಿ. ಪೂ. 300ರ ಸುಮಾರಿನಲ್ಲಿದ್ದ ಯೂಕ್ಲಿಡನ ಗ್ರಂಥದ ಏಳನೆಯ ಭಾಗದಲ್ಲಿದೆ: ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಉಳಿದ ಶೇಷದಿಂದ ಆ ಚಿಕ್ಕದನ್ನು ಭಾಗಿಸು, ಬಂದ ಹೊಸ ಶೇಷದಿಂದ ಹಳೆಯ ಶೇಷವನ್ನು ಭಾಗಿಸು, ಶೇಷವು ಸೊನ್ನೆಯಾಗುವವರೆಗೂ ಹೀಗೆಯೇ ನಡೆ. ಸೊನ್ನೆಗೆ ಮುಂಚೆ ಬಂದ ಶೇಷವೇ ಮ.ಸಾ.ಅ. 84 ಮತ್ತು 30 ಎಂಬ ಸಂಖ್ಯೆಗಳನ್ನು ತೆಗೆದುಕೊಂಡರೆ,

84 = 2 × 30 + 24
30 = 1 × 24 + 6
24 = 4 × 6 + 0

ಆದುದರಿಂದ ಮ.ಸಾ.ಅ. 6.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ಮೊದಲನೆಯ ಸಾಲೊಂದನ್ನು ನೋಡಿದರೆ ಸಾಕು. 84ನ್ನೂ 30ನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಯಾವುದೇ ಇರಲಿ, ಅದು 84ರಿಂದ ಎರಡು 30ಗಳನ್ನು ಕಳೆದು ಉಳಿದ 24ನ್ನೂ ಭಾಗಿಸಲೇಬೇಕು. ಇದರ ಹಿಮ್ಮರಳಿಯೂ ನಿಜ: 30ನ್ನೂ 24ನ್ನೂ ಭಾಗಿಸುವುದು, ಅವುಗಳಿಂದಲೇ ಕಟ್ಟಿದ 84ನ್ನು ಭಾಗಿಸದೆ ಇರಲಾರದು. ಅಂದಮೇಲೆ (84, 30) ಎಂಬ ಜೋಡಿಗೂ (30, 24) ಎಂಬ ಜೋಡಿಗೂ ಸಾಮಾನ್ಯ ಭಾಜಕಗಳು ಅವೇ. ಪ್ರತಿ ಸಾಲಿನಲ್ಲಿಯೂ ಸಂಖ್ಯೆಗಳು ಕುಗ್ಗುತ್ತ ಹೋಗುವುವು. ಅವುಗಳಿಗೆ ಸಾಮಾನ್ಯವಾಗಿರುವುದು ಮಾತ್ರ ಕೆಡದೆ ಉಳಿದು ಬರುವುದು.

ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಬಿಡಿಸಿಕೊಂಡು ಹೋದರೆ ಇನ್ನೊಂದು ವಿಷಯವೂ ದೊರೆಯುವುದು. ಎರಡನೆಯ ಸಾಲಿನಿಂದ 6 = 30 − 24. ಇದರಲ್ಲಿ 24ರ ಸ್ಥಾನದಲ್ಲಿ ಮೊದಲ ಸಾಲಿನ 84 − 2 × 30 ಎಂಬುದನ್ನು ಇಡಲು,

6 = 3 × 30 − 1 × 84

ಎಂದಾಗುವುದು. ಹೀಗೆ ಮ.ಸಾ.ಅ.ವನ್ನು ಮೂಲಸಂಖ್ಯೆಗಳೆರಡರಿಂದಲೇ, ಒಂದನ್ನು ಕೆಲವು ಸಲ ಕೂಡಿಸಿ, ಇನ್ನೊಂದನ್ನು ಕೆಲವು ಸಲ ಕಳೆದು, ಯಾವಾಗಲೂ ಪಡೆಯಬಹುದು. ಎರಡು ಅವ್ಯಕ್ತಗಳ ಸಮೀಕರಣಕ್ಕೆ ಬಾಗಿಲು ತೆರೆಯುವುದು ಇಲ್ಲಿಯೇ.

ಇದರ ಪ್ರಯೋಜನವನ್ನು ವ್ಯಾಪಾರದ ಒಂದು ಉದಾಹರಣೆಯಿಂದ ನೋಡೋಣ. ವಿಜಯನಗರದ ಊದುಬತ್ತಿ ವ್ಯಾಪಾರಿಯೊಬ್ಬನಲ್ಲಿ 84 ಪೊಟ್ಟಣ ಹಿಡಿಯುವ ದೊಡ್ಡ ಪೆಟ್ಟಿಗೆಗಳೂ, 30 ಹಿಡಿಯುವ ಸಣ್ಣ ಪೆಟ್ಟಿಗೆಗಳೂ ಇವೆಯೆಂದು ಭಾವಿಸೋಣ. ಪೆಟ್ಟಿಗೆಗಳೆಲ್ಲವೂ ಭರ್ತಿಯಾಗಿರುವಂತೆ ಸರಿಯಾಗಿ 1000 ಪೊಟ್ಟಣಗಳನ್ನು ಕಳುಹಿಸಬೇಕೆಂದು ಅವನು ಹೊರಟರೆ, ಎಷ್ಟು ಹೊತ್ತು ಜೋಡಿಸಿದರೂ ಆಗದು. 84ರ ಮಡಿಗಳೂ 30ರ ಮಡಿಗಳೂ 6ರ ಮಡಿಗಳೇ; ಅವುಗಳ ಮೊತ್ತವೂ 6ರ ಮಡಿಯೇ ಆಗಬೇಕು; 1000 ಹಾಗಿಲ್ಲ. ಎರಡೇ ಭಾಗಾಕಾರಗಳಿಂದ 6 ಎಂಬ ಅಂಕಿಯು ಕೈಗೆ ಬಂದೊಡನೆ ಈ ತೀರ್ಪು ಹೊರಬೀಳುವುದು.

ಅದೇ 1002 ಪೊಟ್ಟಣಗಳಾದರೆ ಆಗಬಹುದು. 1002 ಎಂಬುದು 167 ಆರುಗಳು. ಆದುದರಿಂದ ಮೇಲಿನ ಸಾಲನ್ನು 167ರಿಂದ ಗುಣಿಸಿದರೆ, 501 ಸಣ್ಣ ಪೆಟ್ಟಿಗೆ ಮತ್ತು −167 ದೊಡ್ಡ ಪೆಟ್ಟಿಗೆ ಎಂದು ಉತ್ತರ ಬರುವುದು. ಗಣಿತಕ್ಕೆ ಇದು ಸಮ್ಮತ, ವ್ಯಾಪಾರಿಗೆ ಅಲ್ಲ. ಆದರೆ 5 ದೊಡ್ಡ ಪೆಟ್ಟಿಗೆಗಳು ಹಿಡಿಯುವಷ್ಟನ್ನೇ, ಎಂದರೆ 420 ಪೊಟ್ಟಣಗಳನ್ನೇ, 14 ಸಣ್ಣ ಪೆಟ್ಟಿಗೆಗಳೂ ಹಿಡಿಯುವುದರಿಂದ, ಸಣ್ಣವು ಹದಿನಾಲ್ಕನ್ನು ತೆಗೆದು ದೊಡ್ಡವು ಐದನ್ನು ಇಡುತ್ತ ಹೋಗಬಹುದು. ಹಾಗೆ 34 ಸಲ ಮಾಡಲು 3 ದೊಡ್ಡವು, 25 ಸಣ್ಣವು. ಇನ್ನೊಮ್ಮೆ ಮಾಡಲು 8 ದೊಡ್ಡವು, 11 ಸಣ್ಣವು. ಮತ್ತೊಮ್ಮೆ ಮಾಡಿದರೆ ಸಣ್ಣ ಪೆಟ್ಟಿಗೆಗಳ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯುವುದು. ಆದುದರಿಂದ ವ್ಯಾಪಾರಿಗೆ ಇರುವ ದಾರಿಗಳು ಎರಡೇ. ಪೂರ್ಣಾಂಕ ಉತ್ತರಗಳು ಇವೆಯೇ ಎಂಬುದನ್ನು ಮ.ಸಾ.ಅ. ಹೇಳುವುದು, ಅವುಗಳಲ್ಲಿ ನಮ್ಮ ಕೆಲಸಕ್ಕೆ ಬರುವುವು ಎಷ್ಟು ಎಂಬುದನ್ನು ಮಾತ್ರ ನಾವೇ ಬೇರೆಯಾಗಿ ನೋಡಿಕೊಳ್ಳಬೇಕು.

ಈಗ ಬಾಳೆಯ ಹಣ್ಣಿಗೆ ಮರಳೋಣ. 63 ಮತ್ತು 23ರ ಮೇಲೆ ಭಾಗಾಕಾರ ನಡೆಸಲು, ಭಾಗಲಬ್ಧಗಳು ಕ್ರಮವಾಗಿ 2, 1, 2, 1 ಎಂದೂ, ಶೇಷಗಳು 17, 6, 5, 1 ಎಂದೂ ಬರುವುವು. ಮ.ಸಾ.ಅ. 1. ಅದು 7ನ್ನು ಭಾಗಿಸುವುದರಿಂದ ಉತ್ತರವುಂಟೆಂಬುದು ನಿಶ್ಚಯ. ಭಾಗಾಕಾರ ನಡೆಯುವಾಗ ಸಮೀಕರಣಕ್ಕೆ ಏನಾಗುವುದೆಂಬುದನ್ನು ಜೊತೆಜೊತೆಯಾಗಿಯೇ ನೋಡಿಕೊಂಡು ಹೋಗುವುದು ಒಳ್ಳೆಯದು.

63ರಲ್ಲಿ 23 ಎರಡು ಸಲ ಹೋಗಿ 17 ಉಳಿಯುವುದರಿಂದ, y ಎಂಬುದು 2xಗಿಂತ ಸ್ವಲ್ಪ ಹೆಚ್ಚು. ಆ ಹೆಚ್ಚಿಗೆಯನ್ನು a ಎಂದು ಕರೆಯೋಣ. ಆಗ 23a = 17x + 7 ಎಂಬುದು ಉಳಿಯುವುದು. 63 ಹೋಗಿ 17 ಬಂದಿತು. ಸಮೀಕರಣದ ರೂಪ ಮಾತ್ರ ಹಾಗೆಯೇ ಇದೆ. ಈಗ 23ರಲ್ಲಿ 17 ಒಂದು ಸಲ ಹೋಗುವುದು. ಆದುದರಿಂದ x ಎಂಬುದನ್ನು a + b ಎಂದು ಬರೆದರೆ ಇನ್ನೂ ಚಿಕ್ಕ ಸಮೀಕರಣ ಬರುವುದು. ಹೀಗೆಯೇ ಮುಂದುವರಿದರೆ:

y = 2x + a, 23a = 17x + 7
x = 1a + b, 17b = 6a − 7
a = 2b + c, 6c = 5b + 7
b = 1c + d, 5d = c − 7

ಕೊನೆಯ ಸಮೀಕರಣದಲ್ಲಿ ಕಷ್ಟವೇನೂ ಉಳಿದಿಲ್ಲ: c = 5d + 7. ಇಲ್ಲಿ dಗೆ ಯಾವ ಪೂರ್ಣಾಂಕವನ್ನು ಕೊಟ್ಟರೂ c ಪೂರ್ಣಾಂಕವೇ ಆಗುವುದು. C ಮತ್ತು d ತಿಳಿದರೆ b, ಆ ಮೇಲೆ a, ಆ ಮೇಲೆ x, ಕೊನೆಗೆ y. ಶೇಷವು 1ಕ್ಕೆ ಇಳಿಯುವವರೆಗೂ ಭಾಗಿಸಿದುದರ ಗುಟ್ಟು ಇದೇ. 1ರಿಂದ ಭಾಗಿಸುವಾಗ ಭಿನ್ನರಾಶಿಯ ಭಯವಿಲ್ಲ. ಗಟ್ಟಿಯಾದ ಕಾಳನ್ನು ಒರಳಿನಲ್ಲಿ ಹಾಕಿ ಕುಟ್ಟಿ ಕುಟ್ಟಿ ಪುಡಿಮಾಡುವಂತೆ ಇಲ್ಲಿ ದೊಡ್ಡ ಗುಣಕಗಳನ್ನು ಸಣ್ಣದಾಗಿ ಮಾಡುವೆವು. ಈ ಕ್ರಮಕ್ಕೆ ನಮ್ಮ ಪೂರ್ವಿಕರು ಇಟ್ಟ ಹೆಸರೂ ಕುಟ್ಟಕ, ಅಥವಾ ಕುಟ್ಟಾಕಾರ, ಎಂದೇ. ಭಾಗಲಬ್ಧಗಳನ್ನು ಬಳ್ಳಿಯಂತೆ ಒಂದರ ಕೆಳಗೊಂದು ಬರೆಯುವುದರಿಂದ ಮಹಾವೀರನು ಇದನ್ನು ವಲ್ಲಿಕಾ ಕುಟ್ಟೀಕಾರವೆಂದು ಕರೆದನು.

d = 0 ಎಂದು ತೆಗೆದುಕೊಂಡರೆ c = 7, b = 7, a = 21, x = 28, y = 77. ತಾಳೆ ನೋಡೋಣ: 63 × 28 + 7 = 1771; 23 × 77 = 1771. ಸರಿ. d = −1 ಎಂದರೆ c = 2, b = 1, a = 4, x = 5, y = 14; ಹಿಂದಿನ ಬೆಂಚಿನ ಉತ್ತರವೇ ಬಂದಿತು. ಉತ್ತರಗಳು ಹಲವೇಕೆಂದರೆ, ಗುಡ್ಡೆಗೆ 23 ಹಣ್ಣುಗಳನ್ನು ಹೆಚ್ಚಿಸಿದರೆ ಒಟ್ಟಿನಲ್ಲಿ 63 × 23 ಹಣ್ಣುಗಳು ಹೆಚ್ಚುವುವು. ಅವು 23 ಮಂದಿಗೆ ತಲೆಗೆ 63ರಂತೆ ಸರಿಯಾಗಿಯೇ ಹಂಚಿಹೋಗುವುವು. ಆದುದರಿಂದ 5, 28, 51, 74 ಎಲ್ಲವೂ ಉತ್ತರಗಳೇ. ಇವುಗಳ ನಡುವೆ ಬೇರೊಂದು ಅಡಗಿರಲಾರದು: ಎರಡು ಉತ್ತರಗಳ ಅಂತರವನ್ನು 63ರಿಂದ ಗುಣಿಸಿದಾಗ ಬರುವುದು 23ರ ಮಡಿಯಾಗಬೇಕು, 63ಕ್ಕೂ 23ಕ್ಕೂ ಸಾಮಾನ್ಯವಾದುದು 1ರ ಹೊರತು ಬೇರೇನೂ ಇಲ್ಲದಿರುವಾಗ, ಆ ಅಂತರವೇ 23ರ ಮಡಿಯಾಗದೆ ಗತಿಯಿಲ್ಲ. 28ನ್ನು ಒಪ್ಪಿದರೆ ತಲೆಗೆ 77 ಬಾಳೆಯ ಹಣ್ಣು. ಎಷ್ಟೇ ದಣಿದಿದ್ದರೂ ಪಥಿಕರು 14ಕ್ಕೇ ತೃಪ್ತರಾಗಿದ್ದರೆಂದು ಭಾವಿಸುವುದು ಲೇಸು.

ಮಹಾವೀರನ ನಡೆ ಇದರಿಂದ ಎರಡು ಕಡೆಗಳಲ್ಲಿ ಮಾತ್ರ ಬೇರೆ. ಆತನು ಮೊದಲನೆಯ ಭಾಗಲಬ್ಧವಾದ 2ನ್ನು ಬಿಟ್ಟುಬಿಡುವನು. ಅದು ಬೇಕಾಗುವುದು yಗಾಗಿ ಮಾತ್ರ. X ಸಿಕ್ಕಿದ ಮೇಲೆ y ತಾನಾಗಿಯೇ ಸಿಕ್ಕುವುದು. ಎರಡನೆಯದಾಗಿ, ಶೇಷವು 1 ಆದ ಮೇಲೂ ಆತನು ನಿಲ್ಲದೆ, 5ನ್ನು 1ರಿಂದ ಭಾಗಿಸುವಾಗ ಭಾಗಲಬ್ಧವನ್ನು 4 ಎಂದು ಇಟ್ಟುಕೊಂಡು, ಇನ್ನೊಮ್ಮೆ ಶೇಷ 1ನ್ನೇ ಉಳಿಸುವನು. ಮೊದಲ ಓದಿಗೆ ಇದು ವ್ಯರ್ಥಶ್ರಮವೆಂದು ತೋರುವುದು. ಆದರೆ ಮೇಲಿನ ಪಟ್ಟಿಯ ಬಲಬದಿಯಲ್ಲಿ 7ರ ಚಿಹ್ನೆಗಳನ್ನು ನೋಡಿರಿ: ಕೂಡಿಸು, ಕಳೆ, ಕೂಡಿಸು, ಕಳೆ. ನಾಲ್ಕನೆಯ ಶೇಷದ ಬಳಿ ನಿಂತರೆ 7ನ್ನು ಕಳೆಯಬೇಕಾಗುವುದು. ಐದನೆಯದರ ಬಳಿ ನಿಂತರೆ ಕೂಡಿಸಬಹುದು. ಬೆಸಸ್ಥಾನದ ಶೇಷದಲ್ಲಿಯೇ ನಿಲ್ಲಬೇಕೆಂಬ ಆತನ ನಿಯಮದ ಅರ್ಥ ಇದು. ಋಣಸಂಖ್ಯೆಯ ಹಂಗಿಲ್ಲದೆ ಲೆಕ್ಕವು ಮುಗಿಯುವುದು.

ಆಮೇಲೆ ಒಂದು ಸಂಖ್ಯೆಯನ್ನು ನಾವೇ ಊಹಿಸಿ ಆರಿಸಬೇಕು; ಅದಕ್ಕೆ 'ಮತಿ' ಎಂದು ಹೆಸರು. ಅದನ್ನು ಕೊನೆಯ ಶೇಷದಿಂದ ಗುಣಿಸಿ 7ನ್ನು ಕೂಡಿಸಿದರೆ, ಅದರ ಹಿಂದಿನ ಭಾಜಕದಿಂದ ಅದು ನಿಶ್ಶೇಷವಾಗಿ ಭಾಗವಾಗಬೇಕು. ಇಲ್ಲಿ ಭಾಜಕ 1 ಆದುದರಿಂದ ಮತಿಯು 1 ಆಗಬಹುದು, ಭಾಗಲಬ್ಧ 8. ಬಳ್ಳಿಯು ಹೀಗಿರುವುದು: 1, 2, 1, 4, ಅದರ ಕೆಳಗೆ ಮತಿ 1, ಎಲ್ಲಕ್ಕಿಂತ ಕೆಳಗೆ 8. ಈಗ ಕೆಳಗಿನಿಂದ ಹತ್ತುತ್ತ, ಪ್ರತಿ ಭಾಗಲಬ್ಧವನ್ನೂ ಅದರ ಕೆಳಗಿನ ಸಂಖ್ಯೆಯಿಂದ ಗುಣಿಸಿ, ಅದಕ್ಕೂ ಕೆಳಗಿನದನ್ನು ಕೂಡಿಸಬೇಕು:

4 × 1 + 8 = 12
1 × 12 + 1 = 13
2 × 13 + 12 = 38
1 × 38 + 13 = 51

51ನ್ನು 23ರಿಂದ ಭಾಗಿಸಲು ಉಳಿಯುವುದು 5. ಇದೇ ಗುಡ್ಡೆಯ ಹಣ್ಣುಗಳ ಸಂಖ್ಯೆ.

ವಿದ್ಯಾರ್ಥಿಗಳು ಇದರಲ್ಲಿ ತಪ್ಪುವುದು ಬಹುಮಟ್ಟಿಗೆ ಚಿಹ್ನೆಯಲ್ಲಿಯೇ. ಲೆಕ್ಕದಲ್ಲಿ 7 ಹಣ್ಣುಗಳು ಹೆಚ್ಚಾಗಿರದೆ ಕಡಮೆಯಾಗಿದ್ದರೆ, ಎಂದರೆ 63x − 7 = 23y ಎಂದಾಗಿದ್ದರೆ, ಅದೇ ಬಳ್ಳಿಯನ್ನೇ ಹತ್ತಿ 5 ಎಂದು ಬರೆದುಬಿಡುವರು. ಮೂಲ ಸಮೀಕರಣದಲ್ಲಿಟ್ಟು ನೋಡಿದರೆ 315 − 7 = 308; 23 × 13 = 299; ಒಂಬತ್ತು ಉಳಿಯಿತು; ತಪ್ಪು ಗೊತ್ತಾಯಿತು. ತಿದ್ದುವುದು ಸುಲಭ: 5ನ್ನು 23ರಿಂದ ಕಳೆದರೆ 18; 63 × 18 − 7 = 1127 = 23 × 49. ಬಳ್ಳಿ ಎಷ್ಟೇ ಉದ್ದವಾಗಿರಲಿ, ತಾಳೆ ನೋಡುವುದಕ್ಕೆ ಎರಡು ಗುಣಾಕಾರಗಳೇ ಸಾಕು. ಅದನ್ನು ಮಾಡದೆ ಉತ್ತರ ಬರೆಯುವವರನ್ನು ನಾನು ಕ್ಷಮಿಸಲಾರೆ.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆ. ಭಾಜಕವು 23 ಆಗಿದ್ದರೆ, ಒಂದೊಂದಾಗಿ ಹಾಕಿ ನೋಡುವವನು ಹೆಚ್ಚೆಂದರೆ 23 ಸಲ ನೋಡಬೇಕು; ಅಷ್ಟರೊಳಗೆ ಸಿಕ್ಕದಿದ್ದರೆ ಮುಂದೆಯೂ ಸಿಕ್ಕದು, ಏಕೆಂದರೆ ಅಲ್ಲಿಂದ ಮುಂದೆ ಶೇಷಗಳು ಹಳೆಯ ಸಾಲಿನಲ್ಲಿಯೇ ಮರಳಿ ಬರುವುವು. ಆದರೆ ಕುಟ್ಟಕವು ಮುಖ್ಯವಾಗಿ ಬಳಕೆಯಲ್ಲಿದ್ದುದು ಹಣ್ಣಿನ ಹಂಚಿಕೆಗಲ್ಲ, ಜ್ಯೋತಿಷ್ಯದ ಗಣನೆಗೆ. ಅಲ್ಲಿನ ಸಂಖ್ಯೆಗಳೇ ಬೇರೆ.

ಕ್ರಿ. ಶ. 499ರ ಕಾಲದವನಾದ ಆರ್ಯಭಟನು ಒಂದು ಮಹಾಯುಗದಲ್ಲಿ ಸೂರ್ಯನ ಪರಿಭ್ರಮಣಗಳು 43,20,000 ಎಂದೂ, ಅದೇ ಯುಗದಲ್ಲಿ ದಿನಗಳು 157,79,17,500 ಎಂದೂ ಕೊಟ್ಟಿದ್ದಾನೆ. ಯುಗಾದಿಯಿಂದ ಇಷ್ಟು ದಿನಗಳು ಕಳೆದಿವೆಯೆಂದರೆ ಸೂರ್ಯನು ಎಷ್ಟು ಸುತ್ತುಗಳನ್ನು ಮುಗಿಸಿ, ಮುಂದಿನ ಸುತ್ತಿನಲ್ಲಿ ಎಷ್ಟು ಭಾಗ ಸಾಗಿದ್ದಾನೆಂಬುದು ತ್ರೈರಾಶಿಕದಿಂದ ದೊರೆಯುವುದು. ಕುಟ್ಟಕದ ಪ್ರಶ್ನೆ ಇದಕ್ಕೆ ತಿರುವುಮುರುವಾದುದು: ಸುತ್ತಿನ ಉಳಿದ ಭಾಗವೊಂದು ಮಾತ್ರ ಗೊತ್ತಿದೆ, ಕಳೆದ ದಿನಗಳೆಷ್ಟು, ಮುಗಿದ ಸುತ್ತುಗಳೆಷ್ಟು?

ಮೊದಲು ಮ.ಸಾ.ಅ. ಅಪವರ್ತನಗಳಾಗಿ ಒಡೆಯುವ ಗೋಜಿಲ್ಲದೆ ಭಾಗಿಸುತ್ತ ಹೋಗೋಣ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಲು 365 ಸಲ ಹೋಗಿ 11,17,500 ಉಳಿಯುವುದು. (ವರ್ಷಕ್ಕೆ 365 ದಿನಗಳೂ ಸ್ವಲ್ಪವೂ ಎಂಬುದು ಮೊದಲ ಹೆಜ್ಜೆಯಲ್ಲಿಯೇ ಕಾಣಿಸಿಕೊಂಡಿತು.) ಮುಂದಿನ ಶೇಷಗಳು 9,67,500, 1,50,000, 67,500, 15,000, 7,500, ಬಳಿಕ ಸೊನ್ನೆ. ಏಳೇ ಭಾಗಾಕಾರಗಳಲ್ಲಿ 7,500 ಎಂಬ ಮ.ಸಾ.ಅ. ಕೈಗೆ ಬಂದಿತು. ಅದರಿಂದ ಎರಡನ್ನೂ ಭಾಗಿಸಿದರೆ, 576 ಸುತ್ತುಗಳಿಗೆ 2,10,389 ದಿನಗಳೆಂದು ಸಂಖ್ಯೆಗಳು ಇಳಿಯುವುವು. ಭಾಗಾಕಾರಗಳು ಇಷ್ಟು ಕಡಮೆಯಾಗಿರುವುದು ಆಕಸ್ಮಿಕವಲ್ಲ. ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದರಷ್ಟಕ್ಕಿಂತ ಹೆಚ್ಚು ಭಾಗಾಕಾರಗಳು ಎಂದೂ ಬೇಕಾಗುವುದಿಲ್ಲವೆಂದು ಫ್ರಾನ್ಸಿನ ಗಣಿತಜ್ಞ ಲಾಮೆ ಎಂಬವನು 1844ರಲ್ಲಿ ಸಾಧಿಸಿ ತೋರಿಸಿದನು.

x ದಿನಗಳಲ್ಲಿ y ಸುತ್ತುಗಳು ಮುಗಿದು, ಮುಂದಿನ ಸುತ್ತಿನ 2,10,389 ಭಾಗಗಳಲ್ಲಿ c ಭಾಗಗಳು ಸಾಗಿವೆಯೆಂದರೆ,

576x − c = 210389y

ಹಾಕಿ ನೋಡುವವನು ಇಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಲ ಹಾಕಬೇಕಾದೀತು. ಏಳನೆಯ ಶತಮಾನದಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನು ಇಂತಹ ಲೆಕ್ಕಗಳಲ್ಲಿ c ಎಂಬುದನ್ನು 1 ಎಂದಿಟ್ಟುಕೊಂಡು ಮೊದಲು ಉತ್ತರ ಕಂಡುಕೊಳ್ಳುವ ಉಪಾಯವನ್ನು ಬಳಸಿದನು. 2,10,389 ಮತ್ತು 576ರ ಭಾಗಾಕಾರದಲ್ಲಿ ಶೇಷವು 1 ಆಗುವವರೆಗೆ ಬರುವ ಭಾಗಲಬ್ಧಗಳು 365, 3, 1, 6, 2, 4. ಇವುಗಳ ಕೆಳಗೆ 1ನ್ನೂ, ಅದರ ಕೆಳಗೆ 0ಯನ್ನೂ ಬರೆದು, ಬಾಳೆಯ ಹಣ್ಣಿನ ಬಳ್ಳಿಯನ್ನು ಹತ್ತಿದಂತೆಯೇ ಹತ್ತಿದರೆ:

4 × 1 + 0 = 4
2 × 4 + 1 = 9
6 × 9 + 4 = 58
1 × 58 + 9 = 67
3 × 67 + 58 = 259
365 × 259 + 67 = 94602

ಮೇಲಿನ ಎರಡು ಸಂಖ್ಯೆಗಳೇ ಉತ್ತರ: x = 94,602 ದಿನಗಳು, y = 259 ಸುತ್ತುಗಳು. ತಾಳೆ: 576 × 94602 = 5,44,90,752; 210389 × 259 = 5,44,90,751. ಅಂತರವು 1, ಅದರ ಚಿಹ್ನೆಯೂ ಬೇಕಾದುದೇ. ಭಾಗಲಬ್ಧಗಳ ಸಂಖ್ಯೆ ಇಲ್ಲಿ ಸಮವಾಗಿರುವುದರಿಂದ ಹೀಗೆ ಬಂದಿತು; ಬೆಸವಾಗಿದ್ದರೆ ಹಿಂದೆ ಹೇಳಿದಂತೆ ಕಳೆದು ತಿದ್ದಿಕೊಳ್ಳಬೇಕಾಗಿತ್ತು.

ಒಮ್ಮೆ ಇದು ಸಿಕ್ಕಿದರೆ c ಯಾವುದೇ ಆಗಲಿ, ಹೊಸ ಬಳ್ಳಿಯನ್ನು ಬರೆಯಬೇಕಾಗಿಲ್ಲ. ಉದಾಹರಣೆಗೆ c = 100 ಎನ್ನೋಣ. 94,602ನ್ನು 100ರಿಂದ ಗುಣಿಸಿ, 2,10,389ರಿಂದ ಭಾಗಿಸಿದರೆ ಉಳಿಯುವುದು 2,03,084. ಅಷ್ಟು ದಿನಗಳಲ್ಲಿ 556 ಸುತ್ತುಗಳು ಮುಗಿದಿವೆ. 576 × 203084 = 11,69,76,384; 210389 × 556 = 11,69,76,284. ಅಂತರ ಸರಿಯಾಗಿ 100. ಆ ವಿದ್ಯಾರ್ಥಿಯು ಒಂದರಿಂದ ತೊಡಗಿದ್ದರೆ, ಇದು ಅವನಿಗೆ 2,03,084ನೆಯ ಪ್ರಯತ್ನದಲ್ಲಿ ಸಿಕ್ಕುತ್ತಿತ್ತು. ಮಾರನೆಯ ದಿನ ಇದನ್ನು ಅವನಿಗೆ ತೋರಿಸಿದಾಗ ಅವನು ಸೋಲನ್ನು ಒಪ್ಪಿಕೊಂಡನು, ಆದರೆ ಒಡನೆಯೇ ಮೊದಲನೆಯದಕ್ಕಿಂತಲೂ ಒಳ್ಳೆಯ ಪ್ರಶ್ನೆಯೊಂದನ್ನು ಹಾಕಿದನು: "ಸೂರ್ಯನ ಸ್ಥಾನವನ್ನು ಅಳೆದು, ಯುಗಾದಿಯಿಂದ ಕಳೆದ ದಿನಗಳನ್ನು ಇದರಿಂದ ಹೇಳಬಹುದೇ?"

ಭೌತಶಾಸ್ತ್ರವನ್ನು ಕಲಿಸುವವನಿಗೆ ಈ ಪ್ರಶ್ನೆಯನ್ನು ಬಿಡುವಂತಿಲ್ಲ. c ಎಂಬುದು 100 ಆಗಿದ್ದರೆ, ಸೂರ್ಯನು ಹೊಸ ಸುತ್ತಿನಲ್ಲಿ ಸುಮಾರು 10 ಕಲೆಗಳಷ್ಟು ಸಾಗಿದ್ದಾನೆಂದು ಅರ್ಥ. ಅರುವತ್ತು ಕಲೆಗಳಿಗೆ ಒಂದು ಅಂಶ. c ಒಂದರಷ್ಟು ಹೆಚ್ಚಿದರೆ ಸ್ಥಾನವು ಬದಲಾಗುವುದು ಒಂದು ಕಲೆಯ ಹತ್ತನೆಯ ಒಂದು ಭಾಗದಷ್ಟು ಮಾತ್ರ. ದೂರದರ್ಶಕವಿಲ್ಲದ ಕಾಲದಲ್ಲಿ ಅದನ್ನು ಕಣ್ಣಿನಿಂದ ಅಳೆಯುವುದು ಆಗದ ಮಾತು. ಹಾಗಾದರೆ 100ರ ಬದಲು 101 ಎಂದು ತಪ್ಪಿ ಬರೆದುಕೊಂಡೆವೆನ್ನೋಣ. ಉತ್ತರಕ್ಕೆ ಇನ್ನೊಂದು 94,602 ಸೇರಿ 2,97,686 ಆಗುವುದು. 2,10,389ನ್ನು ಕಳೆದರೆ 87,297. ಮೊದಲಿನ ಉತ್ತರ 2,03,084. ಕಣ್ಣಿಗೆ ಕಾಣದ ಅಷ್ಟು ಸಣ್ಣ ತಪ್ಪಿನಿಂದ ಉತ್ತರವು 1,15,787 ದಿನಗಳಷ್ಟು, ಎಂದರೆ ಸುಮಾರು 317 ವರ್ಷಗಳಷ್ಟು, ಹಿಂದಕ್ಕೆ ಸರಿಯಿತು.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಪೂರ್ಣ ವರ್ಷಗಳು ಕಳೆದಾಗಲೆಲ್ಲ ಸೂರ್ಯನು ಹೆಚ್ಚುಕಡಮೆ ಅದೇ ಸ್ಥಾನಕ್ಕೆ ಬಂದಿರುವನು. ಒಂದು ವರ್ಷವನ್ನು ಮತ್ತೊಂದರಿಂದ ಬೇರ್ಪಡಿಸುವುದು ಆ 'ಹೆಚ್ಚುಕಡಮೆ'ಯಲ್ಲಿ ಅಡಗಿರುವ ಅತ್ಯಲ್ಪವಾದ ಅಂತರವೇ. ನಮ್ಮ ಪ್ರಯೋಗಶಾಲೆಯ ಸೂತ್ರಗಳಲ್ಲಿ ಅಳತೆಯ ತಪ್ಪು ಚಿಕ್ಕದಾದರೆ ಉತ್ತರದ ತಪ್ಪೂ ಸಾಮಾನ್ಯವಾಗಿ ಚಿಕ್ಕದೇ ಆಗಿರುವುದು. ಕುಟ್ಟಕದಲ್ಲಿ ಹಾಗಲ್ಲ, ಅದು ಪೂರ್ಣಾಂಕಗಳ ಯಂತ್ರ. ಪ್ರಾಚೀನ ಗ್ರಂಥಗಳಲ್ಲಿ ಈ ಲೆಕ್ಕಗಳಿಗೆ ಕೊಟ್ಟಿರುವ ಶೇಷಗಳು ಆಕಾಶವನ್ನು ನೋಡಿ ಅಳೆದುವಲ್ಲ. ಗಣಿತದಿಂದಲೇ ಬಂದ, ಒಂದಂಕಿಯೂ ತಪ್ಪದ ಶೇಷಗಳು. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವನು c = 99 ಎಂದಿಟ್ಟು ಲೆಕ್ಕ ಹಾಕತೊಡಗಿದ್ದನು. ಅವನಿಗೆ 1,08,482 ಬಂದಿತು, ತಾಳೆಯನ್ನೂ ನೋಡಿದ್ದನು.